ನಾಲ್ಕನೇ ಹಾಳೆಯ ಒಂಟಿ ಚುಕ್ಕೆ

ಬೆಂಗಳೂರಿನಲ್ಲಿ ಡೇಟಾ ಕೆಲಸ ಮಾಡುವ ಕನ್ನಡದವರು ನಾವೊಂದಿಷ್ಟು ಜನ ಆಗಾಗ ಜಯನಗರದಲ್ಲಿ ಸೇರುತ್ತೇವೆ. ಯಾರಾದರೂ ಒಬ್ಬರು ತಮಗೆ ಗೊತ್ತಿರುವ ಒಂದು ವಿಷಯವನ್ನು ಕನ್ನಡದಲ್ಲೇ ಹೇಳಬೇಕು, ಅಷ್ಟೇ ನಿಯಮ. ನನ್ನ ಸರದಿ ಬಂದಾಗ ಆನ್ಸ್‌ಕಮ್ ಅವರ ನಾಲ್ಕು ಡೇಟಾ ಗುಂಪುಗಳನ್ನು ಆರಿಸಿಕೊಂಡೆ. ಇದು ಹಳೇ ವಿಷಯ. ಸ್ಟ್ಯಾಟಿಸ್ಟಿಕ್ಸ್ ಓದಿದವರು ಆ ನಾಲ್ಕು ಚಿತ್ರಗಳನ್ನು ಎಲ್ಲಾದರೂ ನೋಡಿಯೇ ಇರುತ್ತಾರೆ. ಆದರೆ ನೋಡಿದವರಲ್ಲಿ ಜಾಸ್ತಿ ಜನ "ಗ್ರಾಫ್ ಹಾಕಬೇಕು" ಅನ್ನುವಲ್ಲಿಗೇ ನಿಂತಿರುತ್ತಾರೆ. ನಾಲ್ಕನೇ ಗುಂಪಿನಲ್ಲಿ ಒಳಗೆ ಏನು ನಡೆಯುತ್ತಿದೆ ಅಂತ ಕೈಯಲ್ಲಿ ಲೆಕ್ಕ ಹಾಕಿ ನೋಡಿದವರು ಕಮ್ಮಿ. ನನಗೆ ಅದನ್ನೇ ಮಾಡಿಸಬೇಕಿತ್ತು.

ಹಿನ್ನೆಲೆ ಚಿಕ್ಕದು. ಫ್ರಾನ್ಸಿಸ್ ಆನ್ಸ್‌ಕಮ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಸಂಖ್ಯಾಶಾಸ್ತ್ರಜ್ಞರು. 1973ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅಂಕಿಗಳ ಲೆಕ್ಕವೇ ಖಚಿತ, ಚಿತ್ರ ಅಂದರೆ ಒರಟು ಕೆಲಸ ಅನ್ನುವ ನಂಬಿಕೆ ಆಗ ಇತ್ತು. ಅದನ್ನು ಮುರಿಯಲು ಅವರು ನಾಲ್ಕು ಗುಂಪುಗಳನ್ನು ತಾವೇ ಕಟ್ಟಿದರು. ಪ್ರತಿ ಗುಂಪಿನಲ್ಲೂ ಹನ್ನೊಂದು ಜೋಡಿ ಅಂಕಿಗಳು.

ನಾನು ಚಿತ್ರಗಳನ್ನು ಮೊದಲು ತೋರಿಸಲಿಲ್ಲ. ಪರದೆಯ ಮೇಲೆ ಅಂಕಿಗಳನ್ನಷ್ಟೇ ತಂದೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಡೇಟಾ ಜೊತೆಗೇ ಬರುತ್ತದೆ, ಎಲ್ಲಿಂದಲೂ ಇಳಿಸಿಕೊಳ್ಳಬೇಕಿಲ್ಲ:

```r
for (i in 1:4) {
  x <- anscombe[[i]]
  y <- anscombe[[i + 4]]
  print(c(mean(x), var(x), mean(y), var(y), cor(x, y)))
}
```

ನಾಲ್ಕು ಸಾಲು ಬಂತು. ನಾಲ್ಕೂ ಹೆಚ್ಚೂಕಮ್ಮಿ ಒಂದೇ. x ಸರಾಸರಿ 9, ಅಂಕಿಗಳು ಎಷ್ಟು ಹರಡಿವೆ ಅಂತ ಹೇಳುವ ವೇರಿಯನ್ಸ್ 11. y ಸರಾಸರಿ 7.50, ವೇರಿಯನ್ಸ್ 4.12ರ ಆಸುಪಾಸು. x, y ನೇರ ಗೆರೆಯಲ್ಲಿ ಎಷ್ಟು ಬಿಗಿಯಾಗಿ ಜೊತೆ ಸಾಗುತ್ತವೆ ಅಂತ ಹೇಳುವ ಕೋರಿಲೇಷನ್ 0.82. ಚುಕ್ಕೆಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ರಿಗ್ರೆಷನ್ ಗೆರೆಯೂ ಒಂದೇ: y = 3 + 0.5x. ಸಂಬಂಧವೇ ಇಲ್ಲದಿದ್ದರೂ ಇಷ್ಟು ಬಲವಾಗಿ ಕಾಣುವ ಸಂಭವ, ಅಂದರೆ ಪಿ-ವ್ಯಾಲ್ಯೂ, ನಾಲ್ಕಕ್ಕೂ ಸುಮಾರು 0.002. ಅಂದರೆ ವರದಿ ಬರೆಯುವವರು ಕಣ್ಣು ಮುಚ್ಚಿ "ಸಂಬಂಧ ಬಲವಾಗಿದೆ" ಅಂತ ಬರೆಯಬಹುದಾದ ಅಂಕಿಗಳು.

ಆಮೇಲೆ ಗ್ರಾಫ್ ಹಾಳೆ ಹಂಚಿದೆ. ಕೂತ ನಾಲ್ಕು ಸಾಲುಗಳಿಗೆ ಒಂದೊಂದು ಗುಂಪು. ಒಂದು ಸೆಂಟಿಮೀಟರ್‌ಗೆ ಒಂದು ಅಂತ ಅಳತೆ, x 0ರಿಂದ 20, y 0ರಿಂದ 14, ಎಲ್ಲರಿಗೂ ಅದೇ. ಈ ಅಳತೆಯ ವಿಷಯ ಸಣ್ಣದು ಅನ್ನಿಸುತ್ತದೆ, ಆದರೆ ಬಿಟ್ಟರೆ ಆಟ ಕೆಡುತ್ತದೆ. ಕಂಪ್ಯೂಟರ್‌ಗೆ ಬಿಟ್ಟರೆ ಅದು ಪ್ರತಿ ಚಿತ್ರಕ್ಕೂ ತನಗೆ ತೋಚಿದ ಅಳತೆ ಹಾಕುತ್ತದೆ. ಆಗ ಮೂರು ಚಿತ್ರಗಳಲ್ಲಿ x 4ರಿಂದ 14, ನಾಲ್ಕನೆಯದರಲ್ಲಿ 8ರಿಂದ 19. ಒಂದೇ ಗೆರೆ ನಾಲ್ಕು ಕಡೆ ಬೇರೆ ಬೇರೆ ಓರೆಯಲ್ಲಿ ಕಾಣುತ್ತದೆ, ಹೋಲಿಸಿ ನೋಡುವುದಕ್ಕೇ ಆಗುವುದಿಲ್ಲ.

ಮೊದಲ ಸಾಲಿನವರು ಬೇಗ ಮುಗಿಸಿದರು. ಚುಕ್ಕೆಗಳು ಗೆರೆಯ ಎರಡೂ ಕಡೆ ಚೆದುರಿದ್ದವು. ಕೋರಿಲೇಷನ್ 0.82 ಅಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರ ಅದೇ. ಅದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ.

ಎರಡನೇ ಸಾಲಿನವರಿಗೆ ಬಂದದ್ದು ಕಮಾನು. 11ರ ಹತ್ತಿರ ತುದಿ ಮುಟ್ಟಿ, 14ಕ್ಕೆ ಬರುವಷ್ಟರಲ್ಲಿ 8.10ಕ್ಕೆ ಇಳಿದಿರುತ್ತದೆ. ಅದೇ ಜಾಗದಲ್ಲಿ ಗೆರೆ 10 ಅನ್ನುತ್ತದೆ. ಪ್ರತಿ ಚುಕ್ಕೆಯೂ ಗೆರೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರೆಸಿದೆ. ಈ ವ್ಯತ್ಯಾಸಕ್ಕೇ ರೆಸಿಡ್ಯುಯಲ್ ಅನ್ನುತ್ತೇವೆ. ಎಡತುದಿಯಲ್ಲಿ −1.9, ಮಧ್ಯದಲ್ಲಿ +1.27, ಬಲತುದಿಯಲ್ಲಿ ಮತ್ತೆ −1.9. ಎರಡು ತುದಿಯಲ್ಲಿ ಮೈನಸ್, ಮಧ್ಯದಲ್ಲಿ ಪ್ಲಸ್. ರೆಸಿಡ್ಯುಯಲ್‌ಗಳ ಚಿಹ್ನೆ ಹೀಗೆ ಸಾಲಾಗಿ ನಿಂತರೆ, ಅಲ್ಲಿ ನೇರ ಗೆರೆ ಎಳೆದದ್ದೇ ಸರಿಯಲ್ಲ ಅಂತ ಅರ್ಥ. ಗ್ರಾಫ್ ಇಲ್ಲದಿದ್ದರೂ ಆ ಪಟ್ಟಿಯಿಂದಲೇ ಹಿಡಿಯಬಹುದು.

ಮೂರನೇ ಸಾಲಿನಲ್ಲಿ ಹತ್ತು ಚುಕ್ಕೆಗಳು ಸ್ಕೇಲ್ ಇಟ್ಟು ಹಾಕಿದ ಹಾಗೆ ಒಂದೇ ಗೆರೆಯ ಮೇಲೆ. x 13 ಇರುವ ಚುಕ್ಕೆ ಮಾತ್ರ 12.74ರಲ್ಲಿ ಹಾರಿ ಕೂತಿದೆ. ಅದೊಂದನ್ನು ತೆಗೆದರೆ ಗೆರೆ ಸುಮಾರು 4 + 0.35x ಆಗುತ್ತದೆ, ಉಳಿದ ಹತ್ತೂ ಅದರ ಮೇಲೆ ಅಚ್ಚುಕಟ್ಟಾಗಿ ಕೂರುತ್ತವೆ. ತೆಗೆಯದೆ ಬಿಟ್ಟರೂ ಆ ಚುಕ್ಕೆ ಸಿಕ್ಕಿಬೀಳುತ್ತದೆ. ಹಳೇ ಗೆರೆಯಿಂದ ಅದು 3.24 ಮೇಲಿದೆ, ಬೇರೆ ಯಾವುದೂ ಅಷ್ಟು ದೂರ ಇಲ್ಲ. ರೆಸಿಡ್ಯುಯಲ್ ದೊಡ್ಡದಿರುವ ಚುಕ್ಕೆ ಹುಡುಕಿ ಅನ್ನುವ ಸಾಮಾನ್ಯ ಉಪಾಯ ಇಲ್ಲಿ ಕೆಲಸ ಮಾಡುತ್ತದೆ.

ಅಷ್ಟರಲ್ಲಿ ನಾಲ್ಕನೇ ಸಾಲಿನಿಂದ ಗೊಣಗಾಟ ಶುರುವಾಗಿತ್ತು. "ಸರ್, ನಮ್ಮ ಶೀಟ್ ಪ್ರಿಂಟ್ ಸರಿಯಾಗಿ ಬಂದಿಲ್ಲ. ಎಲ್ಲಾ ಕಡೆ 8 ಅಂತಾನೇ ಇದೆ." ಪ್ರಿಂಟ್ ಸರಿಯಾಗೇ ಇತ್ತು. ಆ ಗುಂಪಿನಲ್ಲಿ ಹತ್ತು ಚುಕ್ಕೆಗಳಿಗೆ x 8, ಒಂದಕ್ಕೆ ಮಾತ್ರ 19. ಗ್ರಾಫ್ ಹಾಳೆಯಲ್ಲಿ 8ರ ಮೇಲೆ ಚುಕ್ಕೆಗಳ ಒಂದು ಕಂಬ, ದೂರದಲ್ಲಿ (19, 12.50) ಒಂಟಿಯಾಗಿ.

ಇಲ್ಲಿ ಗೆರೆ ಎಳೆಯಲು ಕಂಪ್ಯೂಟರ್ ಬೇಕಿಲ್ಲ. ಕಂಬದ ಹತ್ತು y ಬೆಲೆಗಳನ್ನು ಕೂಡಿಸಲು ಹೇಳಿದೆ. ಮೊತ್ತ 70.01, ಅಂದರೆ ಸರಾಸರಿ 7.00. ಗೆರೆ ಎರಡೇ ಜಾಗದ ಮೂಲಕ ಹೋಗಬೇಕು: 8ರಲ್ಲಿ 7, 19ರಲ್ಲಿ 12.50. ಏರಿಕೆ 5.5, ಅಡ್ಡ ದೂರ 11. ಭಾಗಿಸಿದರೆ 0.5. 8ರಿಂದ ಸೊನ್ನೆಗೆ ಹಿಂದಕ್ಕೆ ಬಂದರೆ 7 − 4 = 3. ಅದೇ y = 3 + 0.5x. ಈ ಲೆಕ್ಕ ಮುಗಿದಾಗ ಆ ಸಾಲಿನವರು ಪರದೆ ಕಡೆ ನೋಡಿ ನಕ್ಕರು. 0.5 ಅನ್ನುವ ಇಳಿಜಾರು ಪೂರ್ತಿ ಆ ಒಂದು ಚುಕ್ಕೆಯದ್ದು. ಹತ್ತು ಚುಕ್ಕೆಗಳು ಇಳಿಜಾರಿನ ಬಗ್ಗೆ ಏನೂ ಹೇಳುತ್ತಿಲ್ಲ, ಯಾಕಂದರೆ ಅವುಗಳಲ್ಲಿ x ಬದಲಾಗುವುದೇ ಇಲ್ಲ.

ಈಗ ಆ 12.50ನ್ನು ಅಳಿಸಿ 3 ಅಂತ ಬರೆಯಿರಿ ಅಂದೆ. ಇಳಿಜಾರು −4 ಭಾಗ 11, ಸುಮಾರು −0.36. ಕೋರಿಲೇಷನ್ −0.72. ಹನ್ನೊಂದರಲ್ಲಿ ಒಂದು ಬದಲಾಯಿಸಿದ್ದಕ್ಕೆ ಬಲವಾದ ಪಾಸಿಟಿವ್ ಸಂಬಂಧ ಬಲವಾದ ನೆಗೆಟಿವ್ ಆಯಿತು.

ಈ ಚುಕ್ಕೆಯ ರೆಸಿಡ್ಯುಯಲ್ ಎಷ್ಟು ಅಂತ ಕೇಳಿದೆ. ಸೊನ್ನೆ. 12.50 ಇದ್ದಾಗಲೂ ಸೊನ್ನೆ, 3 ಇದ್ದಾಗಲೂ ಸೊನ್ನೆ. ಅದು ಎಲ್ಲಿ ಕೂತರೂ ಗೆರೆ ಅದರ ಹತ್ತಿರಕ್ಕೇ ಹೋಗುತ್ತದೆ. ಹಾಗಾಗಿ ಮೂರನೇ ಗುಂಪಿನಲ್ಲಿ ನಡೆದ ಉಪಾಯ ಇಲ್ಲಿ ಪೂರ್ತಿ ಕುರುಡು. ದೊಡ್ಡ ರೆಸಿಡ್ಯುಯಲ್ ಹುಡುಕುವವರು ಎಲ್ಲಕ್ಕಿಂತ ಅಪಾಯದ ಚುಕ್ಕೆಯನ್ನೇ ಎಲ್ಲಕ್ಕಿಂತ ಒಳ್ಳೆಯದು ಅಂತ ದಾಟಿ ಹೋಗುತ್ತಾರೆ.

ಇದಕ್ಕೆ ಬೇರೆ ಅಳತೆ ಬೇಕು. ಅದರ ಹೆಸರು ಲೆವರೇಜ್. ಚುಕ್ಕೆಯ y ಏನೇ ಇರಲಿ, ಅದರ x ಉಳಿದವುಗಳಿಂದ ಎಷ್ಟು ದೂರ ಅನ್ನುವುದೊಂದೇ ಲೆಕ್ಕ:

```
h = 1/n + (x − x̄)² / Σ(x − x̄)²
```

ನಮ್ಮ ಗುಂಪಿನಲ್ಲಿ x ಸರಾಸರಿ 9. ಒಂಟಿ ಚುಕ್ಕೆ ಅಲ್ಲಿಂದ 10 ದೂರ, ವರ್ಗ 100. ಉಳಿದ ಹತ್ತೂ 1 ದೂರ, ವರ್ಗಗಳ ಮೊತ್ತ 10. ಒಟ್ಟು 110. ಒಂಟಿ ಚುಕ್ಕೆಗೆ 1/11 + 100/110, ಸರಿಯಾಗಿ 1. ಉಳಿದ ಪ್ರತಿಯೊಂದಕ್ಕೂ 1/11 + 1/110, ಅಂದರೆ 0.1. ಲೆವರೇಜ್ 1ಕ್ಕಿಂತ ಜಾಸ್ತಿ ಆಗುವುದಿಲ್ಲ. 1 ಅಂದರೆ ಗೆರೆ ಆ ಚುಕ್ಕೆಯ ಮೂಲಕ ಹೋಗದೆ ಬೇರೆ ದಾರಿಯಿಲ್ಲ. ಆರ್‌ನಲ್ಲಿ ಇದನ್ನು ಹೀಗೆ ನೋಡಬಹುದು:

```r
fit <- lm(y4 ~ x4, data = anscombe)
hatvalues(fit)
plot(fit)
```

ಕೊನೆಯ ಸಾಲು ಓಡಿಸಿದಾಗ ಒಂದು ಎಚ್ಚರಿಕೆ ಬರುತ್ತದೆ: `not plotting observations with leverage one: 8`. ಎಂಟನೇ ಸಾಲಿನ ಲೆವರೇಜ್ 1 ಇರುವುದರಿಂದ ಕೆಲವು ಚಿತ್ರಗಳಲ್ಲಿ ಅದನ್ನು ಹಾಕಲು ಆಗುತ್ತಿಲ್ಲ ಅಂತ. ಇಂಥ ಕೆಂಪು ಅಕ್ಷರಗಳನ್ನು ಓದದೆ ಮುಂದೆ ಹೋಗುವುದು ನಮ್ಮ ಕಡೆ ರೂಢಿ. ಇಡೀ ಗುಂಪಿನ ಗುಟ್ಟು ಇರುವುದು ಆ ಒಂದು ಸಾಲಿನಲ್ಲೇ.

"ರ್‍ಯಾಂಕ್ ಕೋರಿಲೇಷನ್ ಹಾಕಿದ್ರೆ ಈ ತಾಪತ್ರಯ ಇರಲ್ಲ ಅಲ್ವಾ?" ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅದರಲ್ಲಿ ಅಂಕಿಗಳ ಬದಲು ಅವುಗಳ ಸ್ಥಾನವಷ್ಟೇ ಲೆಕ್ಕಕ್ಕೆ ಬರುತ್ತದೆ. ಅಲ್ಲೇ ಓಡಿಸಿದೆವು. ಸ್ಪಿಯರ್‌ಮನ್ ಅನ್ನುವ ಈ ರ್‍ಯಾಂಕ್ ಲೆಕ್ಕದಲ್ಲಿ ಅನುಕ್ರಮವಾಗಿ 0.82, 0.69, 0.99, 0.50 ಬಂತು. ಈಗ ನಾಲ್ಕೂ ಬೇರೆ ಬೇರೆ, ಅದು ನಿಜ. ಆದರೆ ಮೂರನೆಯದು ನೋಡಿ. 0.99 ನೋಡಿದವರಿಗೆ ಅಲ್ಲಿ ಹಾರಿ ಕೂತ ಚುಕ್ಕೆಯೊಂದು ಇದೆ ಅಂತ ಹೊಳೆಯುವುದೇ ಇಲ್ಲ. ರ್‍ಯಾಂಕ್ ಹಾಕಿದಾಗ ಎಷ್ಟು ದೂರ ಹಾರಿದೆ ಅನ್ನುವುದು ಅಳಿಸಿಹೋಗುತ್ತದೆ. ನಾಲ್ಕನೆಯದರ 0.50 ಕೂಡ ಆ ಒಂದೇ ಚುಕ್ಕೆಯಿಂದ ಬಂದದ್ದು, ಉಳಿದ ಹತ್ತಕ್ಕೂ x ರ್‍ಯಾಂಕ್ 5.5 ಅಂತ ಸಮ. ಒಂದು ಅಂಕಿಯ ಬದಲು ಇನ್ನೊಂದು ಅಂಕಿ ತಂದರೆ ಅಡಗುವ ಜಾಗ ಬದಲಾಗುತ್ತದೆ, ಅಷ್ಟೇ.

ಗ್ರಾಫ್‌ಗೂ ಮಿತಿಯಿದೆ. ಹನ್ನೊಂದು ಚುಕ್ಕೆಯನ್ನು ಕಣ್ಣಲ್ಲಿ ನೋಡಬಹುದು. ಲಕ್ಷ ಚುಕ್ಕೆ ಹಾಕಿದರೆ ಒಂದರ ಮೇಲೊಂದು ಕೂತು ಬರೀ ಕಪ್ಪು ಮುದ್ದೆ. ಐದಾರು ವೇರಿಯಬಲ್ ಇದ್ದರೆ ದೂರ ಕೂತ ಸಾಲು ಯಾವ ಎರಡರ ಚಿತ್ರದಲ್ಲೂ ಎದ್ದು ಕಾಣದೆ ಇರಬಹುದು. ಅಂಥ ಕಡೆ ಲೆವರೇಜ್ ಲೆಕ್ಕ ಬೇಕೇ ಬೇಕು.

ಕಾಫಿ ಹೊತ್ತಿಗೆ ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ನೋಡಿಕೊಳ್ಳುವ ಒಬ್ಬರು ಬಂದರು. ಅವರ ಬ್ಲಾಕ್‌ನಲ್ಲಿ ಎಲ್ಲಾ ಮನೆಗಳೂ ಒಂದೇ ಅಳತೆಯ ಎರಡು ಬೆಡ್‌ರೂಮಿನವು, ಮೇಲುಗಡೆ ಒಂದು ಪೆಂಟ್‌ಹೌಸ್. ಮನೆಯ ಚದರಡಿಗೂ ನೀರಿನ ಮೀಟರ್‌ಗೂ ಕೋರಿಲೇಷನ್ ತೆಗೆದು, ಟ್ಯಾಂಕರ್ ದುಡ್ಡನ್ನು ಚದರಡಿ ಲೆಕ್ಕದಲ್ಲಿ ಹಂಚೋಣ ಅಂತ ಸಭೆಯಲ್ಲಿ ಮಾತಾಗಿತ್ತಂತೆ. "ಇದು ನಾಲ್ಕನೇ ಶೀಟೇ ಅಲ್ವಾ ಸರ್?" ಅಂದರು. ಹೌದು, ಅದೇ. ಪೆಂಟ್‌ಹೌಸಿನ ಮೀಟರನ್ನು ಸುಳ್ಳು ಅಂತ ತೆಗೆದುಹಾಕುವ ಹಾಗಿಲ್ಲ, ಆ ಅಂಕಿ ನಿಜವೇ. ಆದರೆ ಅದರಿಂದ ಗೊತ್ತಾಗುವುದು ಆ ಒಂದು ಮನೆಯ ನೀರಿನ ಖರ್ಚು, ಚದರಡಿಗೆ ಎಷ್ಟು ನೀರು ಅನ್ನುವ ದರ ಅಲ್ಲ. ಎರಡು ಬೆಡ್‌ರೂಮ್ ಮನೆಗಳ ಸರಾಸರಿ ಒಂದು ಸಾಲು, ಪೆಂಟ್‌ಹೌಸ್ ಇನ್ನೊಂದು ಸಾಲು ಅಂತ ಬರೆಯಿರಿ, ಕೋರಿಲೇಷನ್ ಕಾಲಂ ತೆಗೆದುಬಿಡಿ ಅಂದೆ. ಮಧ್ಯದ ಅಳತೆಯ ಮನೆಗಳಿರುವ ಪಕ್ಕದ ಬ್ಲಾಕ್‌ನ ಮೀಟರ್ ರೀಡಿಂಗ್‌ಗಳು ಸಿಕ್ಕರೆ ಮತ್ತೆ ಗೆರೆ ಎಳೆದು ನೋಡೋಣ ಅಂತಲೂ ಹೇಳಿದೆ. ಆ ಬ್ಲಾಕ್‌ನ ಕಾರ್ಯದರ್ಶಿಯನ್ನು ಕೇಳುತ್ತೇನೆ ಅಂತ ಅವರು ಒಂದು ಖಾಲಿ ಗ್ರಾಫ್ ಹಾಳೆ ಇಸಿದುಕೊಂಡು ಹೋದರು.