ವಾರ್ಷಿಕೋತ್ಸವದ ಪೋಸ್ಟರ್: ಯಾವ ಅಕ್ಷರ ಎಷ್ಟು ದೊಡ್ಡದು?

ಬೆಂಗಳೂರಿನ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಪೋಸ್ಟರ್ ಮಾಡಿಕೊಡಿ ಎಂದು ಕೇಳಿದ್ದರು. ಎ2 ಅಳತೆ, ಅಂದರೆ 420 ಮಿ.ಮೀ. ಅಗಲ, 594 ಮಿ.ಮೀ. ಎತ್ತರ. ಶಾಲೆಯ ಗೇಟು, ಅಕ್ಕಪಕ್ಕದ ಅಂಗಡಿ, ಅಪಾರ್ಟ್‌ಮೆಂಟ್ ನೋಟಿಸ್ ಬೋರ್ಡ್‌ಗಳಿಗೆ ಪ್ರಿಂಟ್. ಜೊತೆಗೆ ಪೋಷಕರ ವಾಟ್ಸಾಪ್ ಗುಂಪಿಗೆ ಅದೇ ಚಿತ್ರ. ಅವರು ಕೊಟ್ಟ ಹಾಳೆಯಲ್ಲಿ ಶಾಲೆಯ ಹೆಸರು, ತಲೆಬರಹ, ದಿನಾಂಕ, ಸ್ಥಳ, ಐದು ಪ್ರಾಯೋಜಕರ ಲೋಗೊ, ಅತಿಥಿಗಳ ಉದ್ದನೆಯ ಪಟ್ಟಿ ಇತ್ತು. ಅತಿಥಿಗಳ ಪಟ್ಟಿ ಆಮಂತ್ರಣ ಪತ್ರಿಕೆಗೆ ಇರಲಿ ಎಂದು ಮೊದಲೇ ಒಪ್ಪಿಸಿದೆ. ಅದೊಂದು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಇಂಗ್ಲಿಷ್ ಪೋಸ್ಟರ್‌ನಲ್ಲಿ ಒಂದು ಸಾಲನ್ನು ಎದ್ದು ಕಾಣಿಸಬೇಕಾದರೆ ದೊಡ್ಡಕ್ಷರಕ್ಕೆ ತಿರುಗಿಸಿದರಾಯಿತು. ಕನ್ನಡಕ್ಕೆ ಆ ಅನುಕೂಲ ಇಲ್ಲ. ನಮ್ಮ ಕೈಯಲ್ಲಿರುವುದು ಗಾತ್ರ, ದಪ್ಪ, ಬಣ್ಣ ಮತ್ತು ಸುತ್ತಲಿನ ಖಾಲಿ ಜಾಗ, ಅಷ್ಟೇ. ಅದಕ್ಕೇ ನಾನು ಗಾತ್ರಗಳ ನಡುವೆ ನಾಚಿಕೆಯಿಲ್ಲದಷ್ಟು ವ್ಯತ್ಯಾಸ ಇಡುತ್ತೇನೆ. 60 ಪಾಯಿಂಟಿನ ಸಾಲಿನ ಕೆಳಗೆ 50 ಪಾಯಿಂಟಿನ ಸಾಲು ಇಟ್ಟರೆ ಎರಡೂ ಒಂದೇ ಮಟ್ಟದವು ಅನ್ನಿಸುತ್ತವೆ, ಇಲ್ಲವೇ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಇಲ್ಲಿ ಪ್ರತಿ ಮೆಟ್ಟಿಲಿಗೂ ಅರ್ಧ ಮಾಡಿದೆ: ತಲೆಬರಹ 220, ದಿನಾಂಕ ಮತ್ತು ಸ್ಥಳ 110, ಸಮಯ, ರಸ್ತೆ, ಶಾಲೆಯ ಹೆಸರು 55, ‘ಪ್ರಾಯೋಜಕರು’ ಎಂಬ ಪದ 28. ನಾಲ್ಕೇ ಗಾತ್ರ.

ಫಾಂಟು ಅನೆಕ್ ಕನ್ನಡ. ಒಂದೇ ಕುಟುಂಬದಲ್ಲಿ ತೆಳುವಿನಿಂದ ತುಂಬಾ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಎಲ್ಲಾ ಸಿಗುತ್ತದೆ, ಉಚಿತ ಕೂಡ. ದಪ್ಪ ರೂಪ ಇಲ್ಲದ ಫಾಂಟಿಗೆ ಸಾಫ್ಟ್‌ವೇರ್‌ನ ಬೋಲ್ಡ್ ಗುಂಡಿ ಒತ್ತಿದರೆ ಅಕ್ಷರದ ಸುತ್ತ ಬರೀ ಶಾಯಿ ಮೆತ್ತಿದ ಹಾಗೆ ಆಗುತ್ತದೆ. ‘ಷ’ದ ಹೊಟ್ಟೆಯೊಳಗಿನ ಗೆರೆ ಮುಚ್ಚಿಹೋಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತರೆ ಅದು ‘ಪ’ನಾ ‘ಷ’ನಾ ಗೊತ್ತಾಗುವುದಿಲ್ಲ.

ಪ್ರಿನ್ಸಿಪಾಲ್ ಮೇಡಂ ಮೊದಲ ಕರಡು ನೋಡಿದ ತಕ್ಷಣ ಕೇಳಿದರು: “ಶಾಲೆ ಹೆಸರು ಇಷ್ಟು ಚಿಕ್ಕದಾ?”

“ಮೇಡಂ, ಇದನ್ನ ಓದೋರಿಗೆಲ್ಲ ನಿಮ್ಮ ಶಾಲೆ ಗೊತ್ತು. ಗೊತ್ತಿಲ್ಲದೇ ಇರೋದು ಯಾವ ದಿನ, ಎಲ್ಲಿ ಅಂತ,” ಎಂದೆ.

ಕಾರ್ಯಕ್ರಮ ಶಾಲೆಯ ಮೈದಾನದಲ್ಲೇ ಇದ್ದಿದ್ದರೆ ಸ್ಥಳವನ್ನು 55ಕ್ಕೆ ಇಳಿಸುತ್ತಿದ್ದೆ. ಆದರೆ ಅದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ. ಸಂಜೆ ಆ ಟ್ರಾಫಿಕ್‌ನಲ್ಲಿ ಯಾರೂ ತಪ್ಪು ಜಾಗಕ್ಕೆ ಹೋಗಬಾರದು ಅಲ್ವಾ? ಹಾಗಾಗಿ ಸ್ಥಳವೂ ದಿನಾಂಕದಷ್ಟೇ ದೊಡ್ಡದು. ದಿನಾಂಕ ದಪ್ಪ, ಸ್ಥಳ ಮಧ್ಯಮ. ಶಾಲೆಯ ಹೆಸರನ್ನು 55ರಲ್ಲೇ ಉಳಿಸಿದೆ. ಆದರೆ ದಪ್ಪ ಅಕ್ಷರದಲ್ಲಿ, ಲಾಂಛನದ ಪಕ್ಕ, ಎಲ್ಲಕ್ಕಿಂತ ಮೇಲೆ, ಕೆಳಗೆ ಧಾರಾಳ ಜಾಗ ಬಿಟ್ಟು. ಗಾತ್ರ ಕೂಡಿಸದೆಯೇ ಅದಕ್ಕೊಂದು ಗೌರವ ಬಂತು. ಮೇಡಂ ಒಪ್ಪಿದರು.

ಇನ್ನು ಒತ್ತಕ್ಷರಗಳ ವಿಷಯ. ನನ್ನ ಹೆಚ್ಚಿನ ಸಮಯ ಹೋಗಿದ್ದು ಇಲ್ಲೇ. ‘ವಾರ್ಷಿಕೋತ್ಸವ’ 220 ಪಾಯಿಂಟಿನಲ್ಲಿ ಎರಡೂ ಬದಿಯ ಅಂಚು ಬಿಟ್ಟು ಉಳಿದ ಅಗಲವನ್ನು ಸರಿಯಾಗಿ ತುಂಬುತ್ತದೆ. ಅದರ ‘ತ್ಸ’ದ ಒತ್ತು ಕೆಳಕ್ಕೆ ಇಳಿಯುತ್ತದೆ. ದಿನಾಂಕವನ್ನು ನಡುವಿಗೆ ಇಟ್ಟಾಗ ಆ ಒತ್ತು ನೇರವಾಗಿ ‘ಡಿಸೆಂಬರ್’ನ ಕೊನೆಯ ಅಕ್ಷರದ ತಲೆ ಮೇಲೆ ಕೂರುತ್ತಿತ್ತು. ಎರಡು ಸಾಲುಗಳನ್ನು ದೂರ ಮಾಡಿದರೆ ಒತ್ತಿಲ್ಲದ ಕಡೆಯೆಲ್ಲ ದೊಡ್ಡ ಹಳ್ಳ ಬೀಳುತ್ತದೆ, ತಲೆಬರಹಕ್ಕೂ ದಿನಾಂಕಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. ಅದಕ್ಕೆ ಎಲ್ಲವನ್ನೂ ಎಡ ಅಂಚಿಗೆ ತಂದೆ. ‘20’ ಅನ್ನು ಎರಡು ಸಾಲಿನಷ್ಟು ಎತ್ತರ ಮಾಡಿ, ಅದರ ಬಲಕ್ಕೆ ಮೇಲೆ ‘ಡಿಸೆಂಬರ್’, ಕೆಳಗೆ ‘ಶನಿವಾರ’ ಇಟ್ಟೆ. ಅಂಕಿಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ. ಹಾಗಾಗಿ ಅದನ್ನು ತಲೆಬರಹಕ್ಕೆ ತೀರಾ ಹತ್ತಿರ ತರಬಹುದು. ಈಗ ‘ತ್ಸ’ದ ಒತ್ತು ಬಲಗಡೆಯ ಖಾಲಿ ಜಾಗಕ್ಕೆ ಆರಾಮಾಗಿ ಇಳಿಯಿತು. ಎರಡು ಸಾಲು ಹತ್ತಿರವೂ ಆದವು.

‘ರವೀಂದ್ರ ಕಲಾಕ್ಷೇತ್ರ’ದಲ್ಲಿ ಮೂರು ಕಡೆ ಒತ್ತು: ದ್ರ, ಕ್ಷೇ, ತ್ರ. ಇಲ್ಲಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಅಂತರವನ್ನೇ ಹೆಚ್ಚಿಸಬೇಕು. ನಾನು ಸಾಫ್ಟ್‌ವೇರ್ ಕೊಡುವ ಅಂತರದ ಸಂಖ್ಯೆಯನ್ನು ನಂಬುವುದಿಲ್ಲ. ಮೇಲಿನ ಸಾಲಿನ ಒತ್ತಿನ ತುದಿಯಿಂದ ಕೆಳಗಿನ ಸಾಲಿನ ಗುಡಿಸಿನ ತುದಿಯವರೆಗೆ ಅಳೆಯುತ್ತೇನೆ. ಕೆಳಗಿನ ಸಾಲಿನ ‘ರ’ ಎಷ್ಟು ಎತ್ತರವೋ ಅದರ ಅರ್ಧದಷ್ಟಾದರೂ ಜಾಗ ಅಲ್ಲಿ ಉಳಿಯಬೇಕು.

ಲೋಗೊಗಳದು ಬೇರೆಯೇ ರಾಮಾಯಣ. ಐದೂ ಬೇರೆ ಬೇರೆ ಬಣ್ಣ, ಬೇರೆ ಬೇರೆ ಆಕಾರ. ಪೋಸ್ಟರ್‌ನ ಹಿನ್ನೆಲೆ ಮರೂನ್. ಲೋಗೊಗಳನ್ನು ಒಂದೇ ಬಣ್ಣಕ್ಕೆ ತಿರುಗಿಸೋಣ ಎಂದರೆ ಪ್ರಾಯೋಜಕರು ಒಪ್ಪಲಿಲ್ಲ. ಅದು ಅವರ ಹಕ್ಕು. ಆದ್ದರಿಂದ ತಳದಲ್ಲಿ ಎತ್ತರದ ಎಂಟನೇ ಒಂದು ಭಾಗದಷ್ಟು, ಸುಮಾರು 74 ಮಿ.ಮೀ. ಬಿಳಿ ಪಟ್ಟಿ ಇಟ್ಟೆ. ಕೆಂಪು, ಹಳದಿ ಏನಿದ್ದರೂ ಆ ಪಟ್ಟಿಯೊಳಗೇ ಜಗಳವಾಡಲಿ, ದಿನಾಂಕದ ತಂಟೆಗೆ ಬರಬಾರದು.

ಎಲ್ಲಾ ಲೋಗೊಗೂ ಒಂದೇ ಎತ್ತರ ಕೊಡುವುದು ನ್ಯಾಯ ಅನ್ನಿಸುತ್ತದೆ, ಆದರೆ ಅಲ್ಲ. ಒಂದು ಲೋಗೊ ಚೌಕ, 30 ಮಿ.ಮೀ. ಎತ್ತರ, 30 ಅಗಲ. ಇನ್ನೊಂದು ಎತ್ತರದ ನಾಲ್ಕು ಪಟ್ಟು ಅಗಲ. ಅದಕ್ಕೂ 30 ಎತ್ತರ ಕೊಟ್ಟರೆ 120 ಅಗಲವಾಗಿ, ಚೌಕದ ನಾಲ್ಕರಷ್ಟು ಜಾಗ ತಿನ್ನುತ್ತದೆ. ಜಾಗ ಸಮ ಆಗಬೇಕಾದರೆ ಅದು 60 ಅಗಲ, 15 ಎತ್ತರ ಇರಬೇಕು. 60ನ್ನು 15ರಿಂದ ಗುಣಿಸಿದರೂ 900, 30ನ್ನು 30ರಿಂದ ಗುಣಿಸಿದರೂ 900. ಇಲ್ಲಿಂದ ಮುಂದೆ ಕಣ್ಣಿನ ಲೆಕ್ಕ: ಸಣ್ಣ ಅಕ್ಷರದ ಲೋಗೊ ಆದರೆ ಸ್ವಲ್ಪ ಹಿಗ್ಗಿಸಿ, ತುಂಬಿದ ಬಣ್ಣದ್ದಾದರೆ ಸ್ವಲ್ಪ ಕುಗ್ಗಿಸುತ್ತೇನೆ. ಜಾಸ್ತಿ ಹಣ ಕೊಟ್ಟ ಪ್ರಾಯೋಜಕರಿಗೆ ಎರಡರಷ್ಟು ಜಾಗ, ಎಡಗಡೆ ಮೊದಲ ಸ್ಥಾನ. ಪಟ್ಟಿ ದಾಟಿ ಮೇಲೆ ಮಾತ್ರ ಯಾರೂ ಬರುವಂತಿಲ್ಲ.

ಒಬ್ಬರು ವಾಟ್ಸಾಪ್‌ನಲ್ಲಿ 200 ಪಿಕ್ಸೆಲ್ ಅಗಲದ ಲೋಗೊ ಕಳಿಸಿದರು. 60 ಮಿ.ಮೀ. ಅಗಲಕ್ಕೆ ಚೆನ್ನಾಗಿ ಪ್ರಿಂಟ್ ಬರಲು ಸುಮಾರು 700 ಪಿಕ್ಸೆಲ್ ಬೇಕು. ಅವರ ವಿಸಿಟಿಂಗ್ ಕಾರ್ಡ್ ಮಾಡಿದ ಪ್ರಿಂಟರ್ ಹತ್ತಿರ ಮೂಲ ಪಿಡಿಎಫ್ ಇತ್ತು. ಬಹಳ ಸಲ ಅಲ್ಲೇ ಇರುತ್ತದೆ, ಕೇಳಿ ನೋಡಿ.

ಪರೀಕ್ಷೆಗೆ ಎ2 ಪ್ರಿಂಟ್ ಬೇಕಿಲ್ಲ. ಎ4 ಹಾಳೆಯ ಉದ್ದ ಅಗಲ ಎರಡೂ ಎ2ರ ಅರ್ಧ. ಆದ್ದರಿಂದ ಎ4ನ್ನು ಗೋಡೆಗೆ ಅಂಟಿಸಿ ಒಂದೂವರೆ ಮೀಟರ್ ದೂರದಿಂದ ನೋಡಿದರೆ, ಪೂರ್ತಿ ಪೋಸ್ಟರನ್ನು ಮೂರು ಮೀಟರ್‌ನಿಂದ ನೋಡಿದಂತೆಯೇ. ಕಣ್ಣು ಕಿರಿದು ಮಾಡಿ ನೋಡಿದಾಗ ತಲೆಬರಹ, 20, ಸ್ಥಳ ಉಳಿಯಬೇಕು. ಲೋಗೊ ಪಟ್ಟಿ ಮಸುಕಾಗಿ ಹಿಂದೆ ಸರಿಯಬೇಕು. ಮೊಬೈಲ್ ಇನ್ನೂ ಕಠಿಣ. ಸ್ಕ್ರೀನ್ ಅಗಲ ಸುಮಾರು 70 ಮಿ.ಮೀ. ಎಂದರೆ ಪೋಸ್ಟರ್‌ನ ಆರನೇ ಒಂದು ಭಾಗ. 55 ಪಾಯಿಂಟಿನ ಸಾಲು ಅಲ್ಲಿ ಸುಮಾರು 9 ಆಗುತ್ತದೆ, ಓದಬಹುದು. 28 ಪಾಯಿಂಟಿನದು 5ಕ್ಕೂ ಕಡಿಮೆ, ಓದಲಾಗದು. ‘ಸಂಜೆ 5ಕ್ಕೆ’ ಎಂಬುದನ್ನು 28ಕ್ಕೆ ಇಳಿಸದೆ 55ರಲ್ಲಿ ಇಟ್ಟಿದ್ದು ಇದಕ್ಕೇ.

ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಿಗೆ, ಬದಲಾಯಿಸಿ ಪಿಡಿಎಫ್ ಮಾಡಿದೆ. ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಇರದಿದ್ದರೆ ಅಥವಾ ಸಾಫ್ಟ್‌ವೇರ್ ಹಳೆಯದಾದರೆ ‘ತ್ಸ’ ಒಡೆದು ‘ತ್‌ಸ’ ಆಗಿಬಿಡುತ್ತದೆ. ತಿದ್ದಲು ಬರುವ ಪ್ರತಿಯನ್ನು ಬೇರೆ ಹೆಸರಲ್ಲಿ ಇಟ್ಟುಕೊಂಡಿದ್ದೆ. ಪ್ರಿಂಟ್‌ಗೆ ಹೋಗುವ ಹಿಂದಿನ ಸಂಜೆ ಆರನೇ ಪ್ರಾಯೋಜಕರು ಬಂದರು. ಪಟ್ಟಿಯ ಎತ್ತರ ಮುಟ್ಟಲಿಲ್ಲ. ಉಳಿದ ಐದು ಲೋಗೊಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಅವರಿಗೆ ಜಾಗ ಮಾಡಿದೆ.