ಆಫರ್ ಕಡಿಮೆ ಬಂದಾಗ ನಾನು ಎಚ್‌ಆರ್‌ಗೆ ಬರೆದ ಉತ್ತರ

ನಾನು ಕಲಬುರಗಿಯವನು. ಆಸ್ಪತ್ರೆ ಯಂತ್ರಗಳ ಸರ್ವಿಸ್ ಎಂಜಿನಿಯರ್. ಡಯಾಲಿಸಿಸ್ ಮಷಿನ್, ವೆಂಟಿಲೇಟರ್, ಪೇಷಂಟ್ ಮಾನಿಟರ್ ಇಂಥವು ಕೆಟ್ಟರೆ ಹೋಗಿ ರಿಪೇರಿ ಮಾಡುವುದು, ಕೆಡದಂತೆ ಆಗಾಗ ಚೆಕ್ ಮಾಡುವುದು ನನ್ನ ಕೆಲಸ. ಕಳೆದ ಸಲ ಕಂಪನಿ ಬದಲಿಸುವಾಗ ಬಂದ ಆಫರ್ ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಜಾಸ್ತಿ ಕೇಳಿದೆ, ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಕ್ಕಿತು. ಹೇಗೆ ಕೇಳಿದೆ, ಏನು ಬರೆದೆ, ಏನನ್ನು ಬೇಕಂತಲೇ ಬಿಟ್ಟೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಆಫರ್ 5 ಲಕ್ಷ ಸಿಟಿಸಿ, ಅಂದರೆ ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಬೆಂಗಳೂರಿನಿಂದ ಫೋನ್ ಮಾಡಿದ ಎಚ್‌ಆರ್ ಮೇಡಂ ದನಿಯಲ್ಲಿ ಖುಷಿ ಇತ್ತು. "ಈಗಿನ ಸಂಬಳಕ್ಕಿಂತ ಚೆನ್ನಾಗಿದೆ ಅಲ್ವಾ? ನಾಳೆ ಅಕ್ಸೆಪ್ಟ್ ಮಾಡ್ತೀರಾ?" ಎಂದರು. ಫೋನಿನಲ್ಲಿ ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. "ಥ್ಯಾಂಕ್ಸ್ ಮೇಡಂ, ಲೆಟರ್ ಪೂರ್ತಿ ಓದಿ ನಾಳೆ ಮೇಲ್‌ನಲ್ಲಿ ಉತ್ತರ ಕೊಡ್ತೀನ್ರಿ" ಎಂದೆ. ಮೊದಲ ಫೋನಿನಲ್ಲಿ ಬಾಯಿಗೆ ಬಂದ ನಂಬರ್ ಹೇಳಿಬಿಟ್ಟರೆ ಆಮೇಲೆ ಅದನ್ನು ದಾಟುವುದು ಕಷ್ಟ.

ಆ ರಾತ್ರಿ ಲೆಟರ್ ಜೊತೆ ಬಂದ ಸಂಬಳದ ಪಟ್ಟಿ ಹಿಡಿದು ಕೂತೆ. 5 ಲಕ್ಷದಲ್ಲಿ 50,000 ವೇರಿಯಬಲ್. ಅಂದರೆ ಕೆಲಸ ನೋಡಿ ವರ್ಷದ ಕೊನೆಗೆ ಕೊಡುವ ಹಣ. ಪೂರ್ತಿ ಬರಬಹುದು, ಅರ್ಧ ಬರಬಹುದು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ 21,600. ಬೇಸಿಕ್ 2.5 ಲಕ್ಷ ಇದ್ದಿದ್ದರಿಂದ ಅದರ 4.81 ಶೇಕಡಾ ಗ್ರಾಚ್ಯುಟಿ, ಸುಮಾರು 12,000. ಇದು ಕೂಡ ಸಿಟಿಸಿ ಒಳಗೇ ಲೆಕ್ಕ. ಇವೆಲ್ಲ ತೆಗೆದರೆ ತಿಂಗಳಿಗೆ ಸುಮಾರು 34,700. ಅದರಲ್ಲಿ ನನ್ನ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ ಬರುವುದು 32,700. ಹಳೆ ಕಂಪನಿಯಲ್ಲಿ ಕೈಗೆ 29,500 ಬರುತ್ತಿತ್ತು. ಒಟ್ಟು ತಿಂಗಳಿಗೆ 3,200 ಜಾಸ್ತಿ, ಅಷ್ಟೇ. ಈ ಲೆಕ್ಕ ಮಾಡಿದ್ದರಿಂದಲೇ ನನಗೆ ಏನು ಕೇಳಬೇಕು ಅಂತ ಸ್ಪಷ್ಟವಾಯಿತು: ಜಾಸ್ತಿ ಆಗುವ ದುಡ್ಡು ಫಿಕ್ಸೆಡ್‌ನಲ್ಲೇ ಆಗಬೇಕು. ಸುಮ್ನೆ ಸಿಟಿಸಿ ಏರಿಸಿ ಅಂದರೆ ವೇರಿಯಬಲ್ ಏರಿಸಿ ಕೊಡುವ ಸಾಧ್ಯತೆ ಇರುತ್ತದೆ.

ಇನ್ನು ಕಾರಣ. ಇಲ್ಲಿ ನಾನು ತುಂಬಾ ಹೊತ್ತು ಯೋಚಿಸಿದೆ. ನನ್ನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು. ಮನೆ ಬಾಡಿಗೆ ಏರಿದೆ, ತಂಗಿಯ ಓದು ಇದೆ, ಹೈದರಾಬಾದಿನಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ನನಗಿಂತ ಜಾಸ್ತಿ ಬರುತ್ತದೆ. ಒಂದೂ ಸುಳ್ಳಲ್ಲ. ಆದರೆ ಸಂಬಳ ಏರಿಸುವ ಅಧಿಕಾರ ಆ ಎಚ್‌ಆರ್ ಮೇಡಂ ಕೈಯಲ್ಲಿ ಇರಲಿಲ್ಲ. ಅವರು ನನ್ನ ಮೇಲ್ ಅನ್ನು ರೀಜನಲ್ ಸರ್ವಿಸ್ ಮ್ಯಾನೇಜರ್‌ಗೆ ಕಳಿಸಬೇಕು. ಅವರು ಒಪ್ಪಿದರೆ ಅದು ಮೇಲಿನ ಎಚ್‌ಆರ್‌ಗೆ ಹೋಗುತ್ತದೆ. ಆ ಮೇಲಿನವರು ನನ್ನನ್ನು ನೋಡಿಲ್ಲ, ಮಾತಾಡಿಲ್ಲ. ಅವರಿಗೆ ನನ್ನ ತಂಗಿಯ ಓದು ಗೊತ್ತಿಲ್ಲ, ಗೊತ್ತಾದರೂ ಅದನ್ನು ಬರೆದು ಮಂಜೂರು ಮಾಡಲು ಬರುವುದಿಲ್ಲ. ಗೆಳೆಯನ ಸಂಬಳ ನಿಜವೋ ಅಂತ ಅವರು ನೋಡಲೂ ಆಗದು. ಅಲ್ಲಿ ಕೂತವರು ತಮ್ಮದೇ ಕಡತ ತೆರೆದು 'ಹೌದು, ಇದು ನಿಜ' ಎನ್ನುವಂಥ ಕಾರಣ ಬೇಕಿತ್ತು.

ಅಂಥದ್ದು ಒಂದಿತ್ತು. ಕೆಲಸದ ಜಾಹೀರಾತಿನಲ್ಲಿ ಕಲಬುರಗಿ ಜಿಲ್ಲೆ ಅಂತ ಮಾತ್ರ ಇತ್ತು. ಕೊನೆಯ ಸಂದರ್ಶನದಲ್ಲಿ ಮ್ಯಾನೇಜರ್ ಸಾಹೇಬರು, "ಬೀದರ್, ಯಾದಗಿರಿ ಕೂಡ ನೀವೇ ನೋಡ್ಬೇಕಾಗ್ತದ. ಅಲ್ಲಿದ್ದ ಎಂಜಿನಿಯರ್ ಬಿಟ್ಟಾರ, ಬ್ಯಾರೆ ಜನ ತಗೊಳ್ಳೋ ವಿಚಾರ ಇಲ್ಲ" ಎಂದಿದ್ದರು. ಈ ಭಾಗದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಲಬುರಗಿಯಿಂದ ಬೀದರ್ ನೂರು ಕಿಲೋಮೀಟರಿಗೂ ಜಾಸ್ತಿ. ಬೀದರ್ ದಾಟಿ ಔರಾದ್ ಒಂದು ತುದಿ, ಯಾದಗಿರಿ ಕಡೆ ಸುರಪುರ ಇನ್ನೊಂದು ತುದಿ. ಸರ್ವಿಸ್ ಒಪ್ಪಂದದ ಪ್ರಕಾರ ಕರೆ ಬಂದ 24 ಗಂಟೆಯೊಳಗೆ ಎಂಜಿನಿಯರ್ ಸ್ಥಳದಲ್ಲಿರಬೇಕು. ಒಂದೇ ದಿನ ಬಸವಕಲ್ಯಾಣದಲ್ಲಿ ಒಂದು, ಶಹಾಪುರದಲ್ಲಿ ಒಂದು ಡಯಾಲಿಸಿಸ್ ಮಷಿನ್ ನಿಂತರೆ ಒಬ್ಬನೇ ಎರಡೂ ಕಡೆ ಹೋಗಬೇಕು. ಡಯಾಲಿಸಿಸ್ ರೋಗಿಗಳಿಗೆ ನಾಳೆ ಬನ್ನಿ ಅನ್ನುವ ಹಾಗೂ ಇಲ್ಲ. ಮೂರು ಜಿಲ್ಲೆಯ ಕೆಲಸ ಒಂದು ಜಿಲ್ಲೆಯ ಕೆಲಸಕ್ಕಿಂತ ದೊಡ್ಡದು ಅನ್ನುವುದು ಮ್ಯಾನೇಜರ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಹೇಳಿದವರೇ ಅವರು.

ಹಾಗಾಗಿ ಅದೊಂದೇ ಬರೆಯಬೇಕು ಅಂತ ತೀರ್ಮಾನಿಸಿದೆ. ಉಳಿದವನ್ನೂ ಸೇರಿಸಿದರೆ ಬಲ ಬರುತ್ತದೆ ಅಂತ ಅನ್ನಿಸುವುದು ಸಹಜ. ಆಗುವುದು ಉಲ್ಟಾ. ನಾಲ್ಕು ಕಾರಣ ಕೊಟ್ಟರೆ ಓದುವವರು ನಾಲ್ಕರಲ್ಲಿ ಸಡಿಲವಾದದ್ದನ್ನು ಹಿಡಿದು ಉತ್ತರ ಕೊಡುತ್ತಾರೆ. ಗಟ್ಟಿ ಕಾರಣಕ್ಕೆ ಉತ್ತರ ಬರುವುದೇ ಇಲ್ಲ.

ಪ್ರಯಾಣದ ಖರ್ಚನ್ನೂ ಬೇಕಂತಲೇ ಬಿಟ್ಟೆ. ಬಸ್, ಗಾಡಿ, ಲಾಡ್ಜ್ ಖರ್ಚಿಗೆ ಬಿಲ್ ಕೊಟ್ಟರೆ ಕಂಪನಿ ಬೇರೆಯಾಗಿ ಕೊಡುತ್ತದೆ. ಓಡಾಟ ಜಾಸ್ತಿ ಅಂತ ಬರೆದಿದ್ದರೆ "ಅದಕ್ಕೆ ಟಿಎ ಇದೆಯಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು. ನನ್ನ ಮಾತು ಜವಾಬ್ದಾರಿಯ ಬಗ್ಗೆ ಇತ್ತು.

ಎಷ್ಟು ಕೇಳುವುದು ಅನ್ನುವುದಕ್ಕೂ ಲೆಕ್ಕ ಇತ್ತು. ಮೊದಲ ಸಲ ಮಾತಾಡಿದಾಗಲೇ, ಒಂದು ಜಿಲ್ಲೆ ಅಂದುಕೊಂಡು, 5.5 ಲಕ್ಷದ ಆಸುಪಾಸು ಅಂತ ಹೇಳಿದ್ದೆ. ಈಗ 5.8 ಕೇಳಿದೆ. 7 ಅಂದಿದ್ದರೆ ನನ್ನ ಗ್ರೇಡನ್ನೇ ಬದಲಿಸಬೇಕಾಗುತ್ತಿತ್ತು, ಅದು ಯಾರೂ ಕೈ ಹಾಕದ ಕೆಲಸ. ಅದೇ ಗ್ರೇಡಿನೊಳಗೆ ಆಗುವಂಥದ್ದು ಕೇಳಿದರೆ ಮ್ಯಾನೇಜರ್ ಒಂದು ಮೇಲ್‌ನಲ್ಲಿ ಒಪ್ಪಿಗೆ ಕೊಡಬಹುದು. 'ಐದೂವರೆಯಿಂದ ಆರು' ಅಂತ ಎರಡು ನಂಬರ್ ಕೊಡಲಿಲ್ಲ. ಕೊಟ್ಟರೆ ಕೆಳಗಿನದೇ ನಮ್ಮ ಬೇಡಿಕೆ ಅಂತ ಓದಿಕೊಳ್ಳುತ್ತಾರೆ.

ಮೇಲ್ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ನಮಸ್ಕಾರ ಮೇಡಂ. ಆಫರ್ ಕಳಿಸಿದ್ದಕ್ಕೆ ಧನ್ಯವಾದ. ಈ ಕೆಲಸಕ್ಕೆ ಸೇರಲು ನನಗೆ ಇಷ್ಟವಿದೆ. ಒಂದು ವಿಷಯ ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ಜಾಹೀರಾತಿನಲ್ಲಿ ಕೆಲಸದ ಪ್ರದೇಶ ಕಲಬುರಗಿ ಜಿಲ್ಲೆ ಎಂದಿತ್ತು. ಬೀದರ್ ಮತ್ತು ಯಾದಗಿರಿ ಜಿಲ್ಲೆಗಳನ್ನೂ ನಾನೇ ನೋಡಿಕೊಳ್ಳಬೇಕು ಎಂದು ಸರ್ವಿಸ್ ಮ್ಯಾನೇಜರ್ ಅವರು ಕೊನೆಯ ಸಂದರ್ಶನದಲ್ಲಿ ತಿಳಿಸಿದರು. ಆ ಜವಾಬ್ದಾರಿ ತೆಗೆದುಕೊಳ್ಳಲು ನಾನು ಸಿದ್ಧ. ಮೂರು ಜಿಲ್ಲೆಗಳ ಕೆಲಸಕ್ಕೆ ತಕ್ಕಂತೆ ಸಿಟಿಸಿಯನ್ನು 5,80,000 ರೂಪಾಯಿಗೆ ಏರಿಸಿ, ಹೆಚ್ಚಾಗುವ ಮೊತ್ತವನ್ನು ಫಿಕ್ಸೆಡ್ ಭಾಗಕ್ಕೆ ಸೇರಿಸಲು ಸಾಧ್ಯವೇ? ನಿಮ್ಮ ಉತ್ತರ ಬಂದ ದಿನವೇ ನನ್ನ ತೀರ್ಮಾನ ತಿಳಿಸುತ್ತೇನೆ."

ಅಷ್ಟೇ. ಸೇರಲು ಇಷ್ಟವಿದೆ ಅನ್ನುವುದನ್ನು ಮೊದಲೇ ಹಾಕಿದ್ದು ಬರೀ ಮರ್ಯಾದೆಗಲ್ಲ. ದುಡ್ಡು ಕೊಟ್ಟರೂ ಇವನು ಬರುತ್ತಾನೋ ಇಲ್ಲವೋ ಅನ್ನುವ ಅನುಮಾನವಿದ್ದರೆ ಯಾರೂ ನಮ್ಮ ಪರವಾಗಿ ಮೇಲೆ ಹೋಗಿ ಕೇಳುವುದಿಲ್ಲ. ಕೊನೆಯ ಸಾಲಿನ ಉದ್ದೇಶವೂ ಅದೇ. ಕೊಡದಿದ್ದರೆ ಸೇರುವುದಿಲ್ಲ ಅಂತ ಎಲ್ಲೂ ಬರೆಯಲಿಲ್ಲ. ಬೇರೆ ಕಂಪನಿ ಆಫರ್ ಇದೆ ಅಂತಲೂ ಬರೆಯಲಿಲ್ಲ, ಯಾಕಂದರೆ ಇರಲಿಲ್ಲ. ಆ ಸುಳ್ಳು ಹೇಳಿದವರಿಗೆ "ಆ ಲೆಟರ್ ಕಳಿಸಿ" ಅನ್ನುವ ಮೇಲ್ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಹಳೆ ಸಂಬಳದ ವಿಷಯದಲ್ಲೂ ಅಷ್ಟೇ. ಸಾಮಾನ್ಯವಾಗಿ ಸ್ಯಾಲರಿ ಸ್ಲಿಪ್ ಕೇಳಿಯೇ ಕೇಳುತ್ತಾರೆ.

ಮಧ್ಯಾಹ್ನ ಮೇಡಂ ಫೋನ್ ಬಂತು. "ಬೆಂಗಳೂರಲ್ಲಾದ್ರೆ ಸರಿ, ಕಲಬುರಗಿಯಲ್ಲಿ ಖರ್ಚು ಕಡಿಮೆ ಅಲ್ವಾ? ಅಲ್ಲಿಗೆ ಇದು ಒಳ್ಳೆ ಆಫರ್" ಎಂದರು. ನಮ್ಮ ಕಡೆಯವರು ಈ ಮಾತನ್ನು ಕೇಳಿಯೇ ಕೇಳುತ್ತಾರೆ, ಕೇಳಿದಾಗ ಸಿಟ್ಟೂ ಬರುತ್ತದೆ. ತೊಗರಿಬೇಳೆಯ ಊರಿನಲ್ಲಿ ಬೇಳೆ ಎಷ್ಟಕ್ಕೆ ಸಿಗುತ್ತದೆ ಅಂತ ವಾದಕ್ಕೆ ಇಳಿಯಬಹುದಿತ್ತು. ಇಳಿದರೆ ಮಾತು ಖರ್ಚಿನ ಕಡೆಗೆ ಹೋಗಿ, ಮೂರು ಜಿಲ್ಲೆ ಮರೆತೇ ಹೋಗುತ್ತದೆ. "ಖರ್ಚಿನ ಮಾತಲ್ರಿ ಮೇಡಂ. ಕೆಲಸದ ಏರಿಯಾ ಒಂದು ಜಿಲ್ಲೆಯಿಂದ ಮೂರು ಜಿಲ್ಲೆ ಆಗಿದೆ, ಅಷ್ಟೇ ನನ್ನ ಮನವಿ. ಮ್ಯಾನೇಜರ್ ಸರ್ ಹತ್ರ ಒಮ್ಮೆ ಕೇಳಿ ನೋಡ್ರಿ" ಎಂದೆ. ಆಮೇಲೆ ಸುಮ್ಮನಾದೆ. ಆ ಕಡೆಯೂ ಸ್ವಲ್ಪ ಹೊತ್ತು ಮಾತಿಲ್ಲ. ಈ ಮೌನ ತುಂಬಲು ಹೋಗಿ "ಪರವಾಗಿಲ್ಲ, ಸ್ವಲ್ಪ ಕಡಿಮೆ ಆದ್ರೂ ನಡೀತದ" ಅನ್ನಬಾರದು. ಕೊನೆಗೆ ಅವರೇ "ಸರಿ, ಕೇಳ್ತೀನಿ" ಎಂದರು.

ಮೇಲಿನಿಂದ ಬಂದ ಉತ್ತರದಲ್ಲಿ ಎರಡು ದಾರಿ ಇದ್ದವು. ಆ ಗ್ರೇಡಿಗೆ 5.5 ಲಕ್ಷವೇ ಮಿತಿ, ಅದಕ್ಕಿಂತ ಮೇಲೆ ಆಗುವುದಿಲ್ಲ. ಬೇಕಾದರೆ ಸಿಟಿಸಿ 5 ಲಕ್ಷವೇ ಇರಲಿ, 60,000 ಜಾಯ್ನಿಂಗ್ ಬೋನಸ್ ಕೊಡುತ್ತೇವೆ ಎಂದರು. ನೋಡಲು ಬೋನಸ್ಸೇ ಹತ್ತು ಸಾವಿರ ಜಾಸ್ತಿ. ಆದರೆ ಅದು ಬರುವುದು ಒಂದೇ ಸಲ, ಜೊತೆಗೆ ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು. ಫಿಕ್ಸೆಡ್‌ನಲ್ಲಿ ಸೇರಿದ 50,000 ಪ್ರತಿ ವರ್ಷವೂ ಬರುತ್ತದೆ, ಮುಂದಿನ ಇನ್‌ಕ್ರಿಮೆಂಟ್ ಲೆಕ್ಕ ಹಾಕುವುದೂ ಅದರ ಮೇಲೆಯೇ. ಎರಡು ವರ್ಷವಾದರೂ ಇರುವ ಮನಸ್ಸಿದ್ದಿದ್ದರಿಂದ ನನಗೆ ಯೋಚಿಸಲು ಏನೂ ಉಳಿಯಲಿಲ್ಲ. 5.5 ಒಪ್ಪಿದೆ. ಕೈಗೆ ಬರುವುದು 32,700ರಿಂದ ಸುಮಾರು 36,700 ಆಯಿತು. ಗ್ರೇಡಿನ ಮಿತಿ ಅಂದ ಮೇಲೂ 5.8ಕ್ಕೇ ಜಗ್ಗಾಡಲಿಲ್ಲ. ಅವರು ನನ್ನ ಕಾರಣ ಒಪ್ಪಿ ತಮ್ಮ ಕೈಲಾದಷ್ಟು ಕೊಟ್ಟಿದ್ದರು.

ಇದು ಎಲ್ಲ ಕಡೆ ನಡೆಯುವುದಿಲ್ಲ. ಕ್ಯಾಂಪಸ್‌ನಲ್ಲಿ ನೂರಾರು ಜನರಿಗೆ ಒಂದೇ ಸಂಬಳ ಅಂತ ಕೊಡುವ ಕಡೆ, ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ಹುದ್ದೆಯಂತೆ ಆದೇಶದಲ್ಲೇ ಸಂಬಳ ನಿಗದಿಯಾದ ಕಡೆ, ಕೇಳಿದರೂ ಕೊಡುವ ಅಧಿಕಾರ ಅಲ್ಲಿ ಯಾರಿಗೂ ಇರುವುದಿಲ್ಲ. ನಾವೇ ಹೇಳಿದ ನಂಬರನ್ನು ಅವರು ಪೂರ್ತಿ ಕೊಟ್ಟಿದ್ದರೆ, ಕೆಲಸವೂ ಮೊದಲು ಹೇಳಿದ್ದೇ ಆಗಿದ್ದರೆ, ಮತ್ತೆ ಕೇಳುವುದು ಮರ್ಯಾದೆಯೂ ಅಲ್ಲ.

ಫೋನಿನಲ್ಲಿ 5.5 ಅಂದ ಮೇಲೂ ನಾನು ಹಳೆ ಕಂಪನಿಗೆ ರಾಜೀನಾಮೆ ಕೊಡಲಿಲ್ಲ. ತಿದ್ದಿದ ಲೆಟರ್ ಬರುವವರೆಗೆ ಕಾದೆ. ಬಂದಾಗ ಸಿಟಿಸಿ ಜೊತೆ ಫಿಕ್ಸೆಡ್ ಸಾಲನ್ನೂ ನೋಡಿದೆ, ವೇರಿಯಬಲ್ 50,000ವೇ ಇದೆಯಾ ಅಂತ ನೋಡಿದೆ. ಕೆಲಸದ ಪ್ರದೇಶ ಅನ್ನುವಲ್ಲಿ ಇನ್ನೂ ಕಲಬುರಗಿ ಅಂತ ಮಾತ್ರ ಇತ್ತು. ಮೂರೂ ಜಿಲ್ಲೆಯ ಹೆಸರು ಹಾಕಿಕೊಡಿ ಅಂತ ಮೇಡಂಗೆ ಮೇಲ್ ಹಾಕಿದೆ. ನಾಳೆ ರಾಯಚೂರನ್ನೂ ಸೇರಿಸಿದರೆ ಮತ್ತೆ ಕೇಳಲು ನನ್ನ ಹತ್ತಿರ ಬರಹದಲ್ಲಿ ಆಧಾರ ಇರಬೇಕಲ್ಲ. ಅವರು ಅಂದೇ ಹಾಕಿ ಕಳಿಸಿದರು, ನಾನು ಸಹಿ ಮಾಡಿದೆ. ಮರುದಿನ ಹಳೆ ಆಫೀಸಿಗೆ ಹೋಗಿ ನೋಟಿಸ್ ಕೊಟ್ಟೆ.