ಪಿಒ ಹಿಂದಿನ ಪುಟದಲ್ಲಿ ಏನಿದೆ? ಇನ್‌ಸ್ಪೆಕ್ಷನ್, ವಾರಂಟಿ ಷರತ್ತು ಓದುವುದು ಹೇಗೆ

ಹಾಸನದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪರಿಚಯದವರೊಬ್ಬರ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಒಂದು ಪವರ್ ಪ್ರೆಸ್, ಎರಡು ವೆಲ್ಡಿಂಗ್ ಮೆಷಿನ್, ಆರು ಜನ ಕೆಲಸಗಾರರು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಿಂದ ಅವರಿಗೆ ಆರ್ಡರ್ ಬಂತು. ಬೀಜ ಗ್ರೇಡ್ ಮಾಡುವ ಯಂತ್ರಕ್ಕೆ 60 ಸ್ಟೇನ್‌ಲೆಸ್ ಸ್ಟೀಲ್ ಜರಡಿ ಬೇಕು. ಒಂದಕ್ಕೆ 4,200 ರೂಪಾಯಿ. ಒಟ್ಟು 2,52,000 ರೂಪಾಯಿ, ಜಿಎಸ್‌ಟಿ ಬೇರೆ. "ಸಾರ್, ರೇಟು ಒಪ್ಪಿದ್ದಾರೆ. ಹಿಂದಿನ ಪುಟ ಪೂರ್ತಿ ಇಂಗ್ಲಿಷ್. ಸಹಿ ಹಾಕೋ ಮುಂಚೆ ಒಂಚೂರು ನೋಡ್ತೀರಾ?" ಎಂದು ಪರ್ಚೇಸ್ ಆರ್ಡರ್, ಅಂದರೆ ಪಿಒ, ಹಿಡಿದು ಬಂದರು.

ಆ ಪುಟದಲ್ಲಿ ಹದಿನೆಂಟು ಷರತ್ತುಗಳಿದ್ದವು. ನಾವು ಜಾಸ್ತಿ ಹೊತ್ತು ಕೂತಿದ್ದು ಎರಡರ ಮೇಲೆ: ಇನ್‌ಸ್ಪೆಕ್ಷನ್ ಮತ್ತು ವಾರಂಟಿ. ಮೊದಲನೆಯದು ನಿಮ್ಮ ದುಡ್ಡು ಯಾವಾಗ ಬರುತ್ತದೆ ಎಂದು ಹೇಳುತ್ತದೆ. ಎರಡನೆಯದು ಬಂದ ದುಡ್ಡು ಎಷ್ಟು ದಿನದವರೆಗೆ ವಾಪಸ್ ಹೋಗಬಹುದು ಎಂದು ಹೇಳುತ್ತದೆ. ಅವರ ಪಿಒ ಇಟ್ಟುಕೊಂಡೇ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಶೀಟ್ ಕತ್ತರಿಸುವ ಮುಂಚೆ ಓದಿ

ನಾನು ಸಹಿ ಹಾಕಿಲ್ಲ, ಹಾಗಾಗಿ ಷರತ್ತು ನನಗೆ ಅಂಟುವುದಿಲ್ಲ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಭಾರತೀಯ ಕರಾರು ಕಾಯ್ದೆ, 1872ರ 8ನೇ ಸೆಕ್ಷನ್ ಪ್ರಕಾರ, ಕೇಳಿದ ಕೆಲಸವನ್ನು ಮಾಡಿಕೊಟ್ಟರೆ ಅದೂ ಒಪ್ಪಿಗೆಯೇ. ಪಿಒ ತೆಗೆದುಕೊಂಡು, ಏನೂ ಹೇಳದೆ ಮಾಲು ಕಳಿಸಿದರೆ ಹಿಂದಿನ ಪುಟವನ್ನೂ ಒಪ್ಪಿದ ಹಾಗೆ ಎಂದು ಅವರು ವಾದಿಸಬಹುದು. ಆಕ್ಷೇಪ ಇದ್ದರೆ ಪ್ರೆಸ್ ಆನ್ ಮಾಡುವ ಮುಂಚೆಯೇ ಬರವಣಿಗೆಯಲ್ಲಿ ಹೇಳಬೇಕು.

ಎರಡನೆಯ ಹೆಜ್ಜೆ: ಇನ್‌ಸ್ಪೆಕ್ಷನ್ ಎಲ್ಲಿ, ಎಷ್ಟು ದಿನದಲ್ಲಿ, ಯಾವುದರಿಂದ?

ಈ ಪಿಒದಲ್ಲಿ ಇದ್ದಿದ್ದರ ಅರ್ಥ ಇಷ್ಟು: "ಮಾಲನ್ನು ಖರೀದಿದಾರರ ಜಾಗದಲ್ಲಿ ಪರೀಕ್ಷಿಸಲಾಗುವುದು. ಅವರ ತೀರ್ಮಾನವೇ ಅಂತಿಮ. ಹಣ ಕೊಟ್ಟ ಮಾತ್ರಕ್ಕೆ ಮಾಲು ಒಪ್ಪಿದ ಹಾಗಲ್ಲ." ಎಷ್ಟು ದಿನದಲ್ಲಿ ನೋಡುತ್ತೇವೆ ಎಂದು ಇಲ್ಲ. ಯಾವುದರಿಂದ ಅಳೆಯುತ್ತೇವೆ ಎಂದೂ ಇಲ್ಲ.

ಅಳತೆಯ ವಿಷಯ ಸುಮ್ನೆ ಬಿಡುವಂಥದ್ದಲ್ಲ. ಈ ಜರಡಿಯ ತೂತು 6.65 ಮಿಲಿಮೀಟರ್. ಪ್ಲಾಂಟೇಶನ್ 'ಎ' ಗ್ರೇಡ್ ಬೀಜ ಈ ಜರಡಿಯ ಮೇಲೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ 'ಎಎ'ಗೆ 7.10 ಮಿಲಿಮೀಟರಿನ ಜರಡಿ ಬೇರೆ ಇದೆ. ತೂತು ಹಿಗ್ಗಿದರೆ 'ಎ' ಬೀಜ ಕೆಳಗಿನ ಗ್ರೇಡಿಗೆ ಜಾರುತ್ತದೆ, ಕ್ಯೂರಿಂಗ್‌ನವರಿಗೆ ನೇರ ನಷ್ಟ. ಅವರು ಅಳತೆಯಲ್ಲಿ ಬಿಗಿಯಾಗಿರುವುದು ಸರಿಯೇ.

ಆದರೆ ಪ್ರೆಸ್‌ನಲ್ಲಿ ಹೊಡೆದ ತೂತು ಎರಡೂ ಬದಿಯಲ್ಲಿ ಒಂದೇ ಅಳತೆ ಇರುವುದಿಲ್ಲ. ಪಂಚ್ ಒಳಗೆ ಹೋಗುವ ಬದಿ ಪಂಚ್‌ನ ಅಳತೆಗೆ ಬರುತ್ತದೆ. ಅದು ಹೊರಬರುವ ಬದಿ, ಅಂದರೆ ಡೈ ಕಡೆ, ಸ್ವಲ್ಪ ಅಗಲ. ಪಂಚ್‌ಗೂ ಡೈಗೂ ನಡುವೆ ಬಿಟ್ಟ ಜಾಗವೇ ಇದಕ್ಕೆ ಕಾರಣ. ಎಲ್ಲಾ ಪ್ರೆಸ್ ಕೆಲಸದಲ್ಲೂ ಹೀಗೆಯೇ. ಈಗ ಯೋಚಿಸಿ: ಗೇಟಿನಲ್ಲಿ ಒಬ್ಬರು ವರ್ನಿಯರ್ ಹಿಡಿದು ಅಗಲ ಬದಿಯನ್ನು ಅಳೆದು "6.80 ಇದೆ, ರಿಜೆಕ್ಟ್" ಎಂದರೆ? ನೀವು ಇನ್ನೊಂದು ಬದಿ ಅಳೆದು 6.65 ತೋರಿಸಬಹುದು. ಆದರೆ ಪಿಒದಲ್ಲಿ ಅವರ ತೀರ್ಮಾನವೇ ಅಂತಿಮ ಎಂದಿದೆ.

ಹಾಗಾಗಿ ಒಂದು ವಾಕ್ಯ ಸೇರಿಸಲು ಕೇಳಿದೆವು: ತೂತನ್ನು ಪಂಚ್ ಬದಿಯಿಂದ, 'ಗೋ' ಮತ್ತು 'ನೋ-ಗೋ' ಪ್ಲಗ್ ಗೇಜ್‌ನಿಂದ ನೋಡಬೇಕು. 6.60ರ ಗೇಜ್ ಒಳಗೆ ಹೋಗಬೇಕು, 6.70ರದ್ದು ಹೋಗಬಾರದು. ಹೀಗೆ ಬರೆದರೆ ಯಾರು ಅಳೆದರೂ ಉತ್ತರ ಒಂದೇ. ಒಂದು ಜರಡಿಯನ್ನು ಮೊದಲೇ ಮಾಡಿ, ತೋರಿಸಿ, ಇಬ್ಬರೂ ಸಹಿ ಹಾಕಿ ಸ್ಯಾಂಪಲ್ ಆಗಿ ಇಟ್ಟುಕೊಳ್ಳುವುದೂ ಒಳ್ಳೆಯದು. ನಿಮ್ಮ ಕೆಲಸ ಬೇರೆ ಇದ್ದರೂ ಕೇಳಬೇಕಾದ್ದು ಇದನ್ನೇ: ಯಾವ ಜಾಗದಲ್ಲಿ, ಯಾವ ಸಾಧನದಿಂದ, ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ?

ಇನ್ನೊಂದು ವಿಷಯ. 60ರಲ್ಲಿ ಐದು ತೆಗೆದು ನೋಡಿ, ಒಂದು ಕೆಟ್ಟಿದ್ದರೆ ಇಡೀ ಲಾಟ್ ವಾಪಸ್ ಎಂಬ ಷರತ್ತು ಕೆಲವು ಪಿಒಗಳಲ್ಲಿ ಇರುತ್ತದೆ. 60 ಪೀಸಿನ ಆರ್ಡರಿಗೆ ಎಲ್ಲವನ್ನೂ ನೋಡಿ, ಕೆಟ್ಟಿದ್ದನ್ನು ಮಾತ್ರ ವಾಪಸ್ ಮಾಡಿ ಎಂದು ಕೇಳುವುದು ನ್ಯಾಯ.

ಮೂರನೆಯ ಹೆಜ್ಜೆ: ಹದಿನೈದು ದಿನದ ಲೆಕ್ಕ

ಪಿಒದಲ್ಲಿ "ಒಪ್ಪಿದ 60 ದಿನದ ನಂತರ ಪೇಮೆಂಟ್" ಎಂದಿತ್ತು. ಆದರೆ ಯಾವ ದಿನ ಒಪ್ಪುತ್ತಾರೆ? ತಿಂಗಳಾದರೂ ಜರಡಿ ನೋಡದೆ ಗೋಡೌನಿನಲ್ಲಿ ಇಟ್ಟರೆ?

ಇಲ್ಲಿ ಎಂಎಸ್‌ಎಂಇ ಕಾಯ್ದೆ, 2006 ನಿಮ್ಮ ಕಡೆ ಇದೆ. ನೀವು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಬರವಣಿಗೆಯಲ್ಲಿ ಆಕ್ಷೇಪ ಹೇಳಬೇಕು. ಹೇಳದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿದ ದಿನ ಎಂದು ಕಾಯ್ದೆ ಹೇಳುತ್ತದೆ. ಪಿಒದಲ್ಲಿ ಎಷ್ಟೇ ದಿನ ಬರೆದಿರಲಿ, ಪೇಮೆಂಟ್ ಅವಧಿ ಆ ದಿನದಿಂದ 45 ದಿನ ದಾಟುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ.

ನಮ್ಮ ಉದಾಹರಣೆಯಲ್ಲಿ ಮಾಲು ತಲುಪಿದ್ದು 2025ರ ಸೆಪ್ಟೆಂಬರ್ 2 ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ 17ರೊಳಗೆ ಪತ್ರ ಅಥವಾ ಮೇಲ್ ಬರದಿದ್ದರೆ, ಅಕ್ಟೋಬರ್ 17ರೊಳಗೆ ದುಡ್ಡು ಬರಬೇಕು. ಫೋನಿನಲ್ಲಿ "ಕ್ವಾಲಿಟಿ ಸರಿ ಇಲ್ಲ ಅನ್ಸುತ್ತೆ" ಎಂದರೆ ಅದು ಬರವಣಿಗೆಯ ಆಕ್ಷೇಪ ಆಗುವುದಿಲ್ಲ. ಆದರೆ ಆಕ್ಷೇಪ ಸಮಯಕ್ಕೆ ಬಂದರೆ, ನೀವು ಅದನ್ನು ಸರಿಮಾಡಿದ ದಿನದಿಂದ ಎಣಿಕೆ ಶುರು. ಆದ್ದರಿಂದ ಮಾಲು ಇಳಿಸಿದ ದಿನವೇ ಡೆಲಿವರಿ ಚಲನ್ ಮೇಲೆ ತಾರೀಖಿನ ಜೊತೆ ಸೀಲು ಹಾಕಿಸಿಕೊಳ್ಳಿ. ಅದು ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುವುದು? ಉದ್ಯಮ್ ನಂಬರನ್ನು ಇನ್‌ವಾಯ್ಸ್ ಮೇಲೆ ಹಾಕಿ. ನೋಂದಣಿ ಆರ್ಡರ್ ತೆಗೆದುಕೊಳ್ಳುವ ಮುಂಚೆಯೇ ಇರಲಿ.

ಈ 15 ದಿನ ಕಳೆದರೆ ವಾರಂಟಿಯೂ ಮುಗಿಯಿತು ಎಂದುಕೊಳ್ಳಬೇಡಿ. ಇದು ಪೇಮೆಂಟಿನ ಲೆಕ್ಕ ಮಾತ್ರ.

ನಾಲ್ಕನೆಯ ಹೆಜ್ಜೆ: ವಾರಂಟಿ ಯಾವ ದಿನದಿಂದ?

ಇದೇ ಈ ಪಿಒದಲ್ಲಿ ನನಗೆ ಹೆಚ್ಚು ಭಯ ತಂದ ಜಾಗ. "ಕಮಿಷನಿಂಗ್ ಆದ ದಿನದಿಂದ 12 ತಿಂಗಳು" ಎಂದು ಬರೆದಿದ್ದರು. ಕಮಿಷನಿಂಗ್ ಅಂದರೆ ಯಂತ್ರಕ್ಕೆ ಹಾಕಿ ಓಡಿಸಿದ ದಿನ. ಓದಲು ಒಂದು ವರ್ಷದ ವಾರಂಟಿ ಅನ್ನಿಸುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡಿದೆವು. ಸೆಪ್ಟೆಂಬರಿನಲ್ಲಿ ಮಾಲು ಹೋದರೂ ಕಾಫಿ ಕೊಯ್ಲಾಗಿ ಬೀಜ ಕ್ಯೂರಿಂಗ್‌ಗೆ ಬರುವ ತನಕ ಜರಡಿ ಕಾಯುತ್ತದೆ. 2026ರ ಜನವರಿ 20ಕ್ಕೆ ಹಾಕಿದರೆ ವಾರಂಟಿ 2027ರ ಜನವರಿ 20ರವರೆಗೆ. ಅಂದರೆ ಮಾಲು ಹೋದ ದಿನದಿಂದ ಹದಿನಾರೂವರೆ ತಿಂಗಳು. ಇಷ್ಟಕ್ಕೇ ನಿಂತಿದ್ದರೆ ತಡೆಯಬಹುದಿತ್ತು. ಆದರೆ 60ರಲ್ಲಿ 20 ಜರಡಿ ಸ್ಪೇರ್. ಅವನ್ನು 2027ರ ಡಿಸೆಂಬರಿನಲ್ಲಿ ಹಾಕಿದರೆ? ಆ ಇಪ್ಪತ್ತರ ವಾರಂಟಿ ಆಗ ಶುರುವಾಗಿ 2028ರ ಡಿಸೆಂಬರಿಗೆ ಮುಗಿಯುತ್ತದೆ. ಇದೇ ಪಿಒದಲ್ಲಿ ವಾರಂಟಿ ಮುಗಿಯುವ ತನಕ ಶೇಕಡಾ 10ರಷ್ಟು, ಅಂದರೆ 25,200 ರೂಪಾಯಿ, ಹಿಡಿದಿಡುತ್ತೇವೆ ಎಂದೂ ಇತ್ತು. ಆ ದುಡ್ಡು ಯಾವಾಗ ಬರುತ್ತದೆ ಎಂದು ಹೇಳುವವರೇ ಇಲ್ಲ.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವ ಒಂದು ಸಾಲು: "ಕಮಿಷನಿಂಗ್‌ನಿಂದ 12 ತಿಂಗಳು ಅಥವಾ ಡಿಸ್ಪ್ಯಾಚ್‌ನಿಂದ 18 ತಿಂಗಳು, ವಿಚೆವರ್ ಈಸ್ ಅರ್ಲಿಯರ್." ಯಾವುದು ಮೊದಲು ಮುಗಿಯುತ್ತದೋ ಅದು ಎಂದರ್ಥ. ಸ್ಪೇರ್ ಜರಡಿ ಯಾವಾಗ ಹಾಕಿದರೂ 2027ರ ಮಾರ್ಚ್ 2ಕ್ಕೆ ನಿಮ್ಮ ಹೊಣೆ ಮುಗಿಯುತ್ತದೆ. ಕೊನೆಯ ಪದವನ್ನು ಬೆರಳಿಟ್ಟು ಓದಿ. 'ಅರ್ಲಿಯರ್' ಬದಲು 'ಲೇಟರ್' ಎಂದಿದ್ದರೆ ಅರ್ಥ ಪೂರ್ತಿ ತಿರುಗುತ್ತದೆ.

ಬದಲಿಸಿ ಕೊಟ್ಟ ಪೀಸಿಗೆ ಮತ್ತೆ ಹೊಸದಾಗಿ 12 ತಿಂಗಳು ಎಂದಿದೆಯಾ ಎಂಬುದನ್ನೂ ನೋಡಿ. ಉಳಿದ ಅವಧಿಗೆ ಮಾತ್ರ ಎಂದು ಬರೆಸಿಕೊಳ್ಳಿ.

ಐದನೆಯ ಹೆಜ್ಜೆ: ವಾರಂಟಿ ಯಾವುದಕ್ಕೆ?

ಮೆಟೀರಿಯಲ್ ಮತ್ತು ವರ್ಕ್‌ಮನ್‌ಶಿಪ್, ಅಂದರೆ ಲೋಹದ ದೋಷ ಮತ್ತು ಕೈಕೆಲಸದ ದೋಷ, ಇವೆರಡನ್ನು ಧೈರ್ಯವಾಗಿ ಒಪ್ಪಿ. ಅವು ನಿಮ್ಮ ಕೈಯಲ್ಲಿವೆ. ಮುಂದೆ 'ಫಿಟ್‌ನೆಸ್ ಫಾರ್ ಪರ್ಪಸ್' ಎಂದಿದ್ದರೆ ನಿಲ್ಲಿ. ಆ ಕೆಲಸಕ್ಕೆ ಈ ಜರಡಿ ಸರಿಹೊಂದುತ್ತದೆ ಎಂಬ ಭರವಸೆ ಅದು. ಡ್ರಾಯಿಂಗ್ ಅವರದ್ದು, ತೂತಿನ ಅಳತೆ ಅವರದ್ದು, ಶೀಟಿನ ದಪ್ಪ ಅವರು ಹೇಳಿದ್ದು. ಡ್ರಾಯಿಂಗಿನಂತೆ ಮಾಡಿಕೊಡುವುದಷ್ಟೇ ನಿಮ್ಮ ಭರವಸೆ ಆಗಬೇಕು. ಸರಕು ಮಾರಾಟ ಕಾಯ್ದೆ, 1930ರ 16ನೇ ಸೆಕ್ಷನ್‌ನಲ್ಲೂ ಈ ಹೊಣೆ ಬರುವುದು ಖರೀದಿದಾರರು ಮಾರುವವರ ಪರಿಣತಿಯನ್ನು ನಂಬಿ ಕೊಂಡಾಗ.

ಜರಡಿ ಸವೆಯುವ ವಸ್ತು. ಬೀಜ ಉಜ್ಜಿ ತೂತು ಹಿಗ್ಗುತ್ತದೆ. ಅಂಚಿನ ಕ್ಲ್ಯಾಂಪ್ ಸಡಿಲ ಇದ್ದರೆ ಶೀಟ್ ಅದುರಿ, ಕ್ಲ್ಯಾಂಪಿನ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ. ಬಿರುಕು ವೆಲ್ಡ್‌ನ ಮೇಲೆ ಶುರುವಾಗಿದ್ದರೆ ಮೊದಲು ನಿಮ್ಮ ಕೆಲಸವನ್ನು ಅನುಮಾನಿಸಿ. ಕ್ಲ್ಯಾಂಪಿನ ಅಂಚಲ್ಲಿದ್ದರೆ ಫಿಟ್ಟಿಂಗ್ ನೋಡಬೇಕು. ಸಹಜ ಸವೆತ, ತಪ್ಪು ಫಿಟ್ಟಿಂಗ್ ವಾರಂಟಿಗೆ ಸೇರುವುದಿಲ್ಲ ಎಂದು ಬರೆಸಿ. ದೂರು ಬಂದರೆ ಇಬ್ಬರೂ ಒಟ್ಟಿಗೆ ನೋಡಬೇಕು, ಅಲ್ಲಿಯವರೆಗೆ ಮುರಿದ ಪೀಸನ್ನು ಗುಜರಿಗೆ ಹಾಕಬಾರದು ಎಂದೂ ಸೇರಿಸಿ.

ಕಣ್ಣಿಗೆ ಕಾಣದ ದೋಷ ಮಾತ್ರ ಬೇರೆ ಮಾತು. 304 ಗ್ರೇಡ್ ಕೇಳಿದ್ದಕ್ಕೆ ಶೀಟ್ ಅಂಗಡಿಯವರು 202 ಕೊಟ್ಟಿದ್ದರೆ ಗೇಟಿನಲ್ಲಿ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ತುಕ್ಕು ಕಾಣುತ್ತದೆ. ಆಗ ಇನ್‌ಸ್ಪೆಕ್ಷನ್ ಪಾಸಾಗಿತ್ತು ಎಂಬ ಮಾತು ನಡೆಯುವುದಿಲ್ಲ, ಹೊಣೆ ನಿಮ್ಮದೇ. ಶೀಟಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದರ ಹೀಟ್ ನಂಬರ್, ಅಂದರೆ ಲೋಹ ಕರಗಿಸಿದ ಬ್ಯಾಚಿನ ನಂಬರ್, ಶೀಟಿನ ಮೇಲಿರುವುದಕ್ಕೆ ಹೊಂದುತ್ತದಾ ನೋಡಿ, ಈ ಆರ್ಡರಿನ ಫೈಲಿಗೆ ಹಾಕಿ.

ಆರನೆಯ ಹೆಜ್ಜೆ: ನಷ್ಟಕ್ಕೆ ಮಿತಿ ಹಾಕಿಸಿ, ಮೇಲ್ ಕಳಿಸಿ

ಪಿಒದ ಕೊನೆಯಲ್ಲಿ "ಕಾನ್ಸಿಕ್ವೆನ್ಷಿಯಲ್ ಲಾಸ್" ಇತ್ತು. ಜರಡಿ ಹರಿದು ಗ್ರೇಡರ್ ಎರಡು ದಿನ ನಿಂತರೆ ಆ ನಷ್ಟವೂ ಸಪ್ಲೈಯರ್ ಮೇಲೆ. 4,200 ರೂಪಾಯಿ ಜರಡಿಗೆ ಲಕ್ಷಗಟ್ಟಲೆ ಹೊಣೆ. ಕೆಟ್ಟ ಪೀಸನ್ನು ಬದಲಿಸುವುದು ಅಥವಾ ಅದರ ಬೆಲೆ ವಾಪಸ್ ಕೊಡುವುದು, ಅಷ್ಟಕ್ಕೆ ನಿಲ್ಲಿಸಿ ಎಂದು ಕೇಳಿದೆವು.

ನಾಲ್ಕೇ ಬದಲಾವಣೆ ಬರೆದು, ಷರತ್ತಿನ ನಂಬರ್ ಹಾಕಿ, ಮೇಲ್ ಕಳಿಸಿದೆವು. ಗೇಜ್, 18 ತಿಂಗಳ ಮಿತಿ, ಸವೆತ ಮತ್ತು ಫಿಟ್ಟಿಂಗ್, ನಷ್ಟದ ಮಿತಿ. ತಿದ್ದಿದ ಪಿಒ ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ ಎಂದೂ ಬರೆದೆವು. ಮೂರು ದಿನದಲ್ಲಿ ಉತ್ತರ ಬಂತು. ಮೊದಲ ಮೂರಕ್ಕೆ ಹೂಂ ಎಂದರು. ನಷ್ಟದ ಮಿತಿಯನ್ನು ಆರ್ಡರಿನ ಒಟ್ಟು ಬೆಲೆಗೆ ಇಳಿಸಿದರು, ಪೀಸಿನ ಬೆಲೆಗೆ ಒಪ್ಪಲಿಲ್ಲ. 2,52,000 ರೂಪಾಯಿವರೆಗಿನ ಹೊಣೆ ಹೊರಬಲ್ಲೆ ಎಂದು ಇವರು ಲೆಕ್ಕ ಹಾಕಿ ಒಪ್ಪಿದರು. ತಿದ್ದಿದ ಪಿಒ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ ದಿನವೇ 6.60 ಮತ್ತು 6.70ರ ಎರಡು ಗೇಜ್‌ಗೆ ಆರ್ಡರ್ ಹೋಯಿತು.